‘ಬೇಡ’ ಮತ್ತು ‘ಬಿಡು’

ಆ ಓಣಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಪುಕ್ಕಲ ಅಂದರೆ ಸಾಕು, ಅಂಚೆಯವನೂ ಸರಿಯಾದ ಬಾಗಿಲಿಗೇ ಬಂದು ನಿಲ್ಲುತ್ತಿದ್ದ. ‘ಅವನ ನೆರಳು ಕಂಡ್ರೆ ಅವನಿಗೇ ಭಯ, ಅದಕ್ಕೇ ಮೋಡ ಇದ್ದ ದಿನ ಖುಷಿಯಾಗಿರ್ತಾನೆ’ ಎಂದು ಮೇಲಿನ ಮನೆಯ ಟೈಲರು. ‘ಬೀಗ ಹಾಕಿ ಮೂರು ಸಲ ಎಳೀತಾನೆ, ತಿರುವಿನ ತನಕ ಹೋಗಿ ವಾಪಸ್ಸು ಬಂದು ನಾಲ್ಕನೇ ಸಲ ಎಳೀತಾನೆ. ಆ ಬೀಗ ಹಾಳಾಗಿದ್ದು ಕಳ್ಳರಿಂದಲ್ಲ ಕಣೇ’ ಎಂದು ಎದುರು ಮನೆಯ ಅಜ್ಜಿ.

ಇಂಥವನು ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು ಅಂತೀರಿ? ಲಿಫ್ಟ್ ರಿಪೇರಿ. ದಿನ ಬೆಳಗಾದರೆ ಹತ್ತು ಮಹಡಿ ಆಳದ ಕತ್ತಲಲ್ಲಿ, ತಂತಿ ಹಗ್ಗಕ್ಕೆ ನೇತುಬಿದ್ದ ಡಬ್ಬದ ನೆತ್ತಿಯ ಮೇಲೆ ಮಂಡಿಯೂರಿ ಬೋಲ್ಟು ಬಿಗಿಮಾಡುವುದು. ಲಿಫ್ಟು ಓಡಾಡುವ ಆ ಕತ್ತಲ ಗೂಡಿಗೆ ಕೆಲಸದವರು ಬಾವಿ ಅನ್ನುತ್ತಾರೆ. ಓಣಿಯವರಿಗೆ ಇದು ದೊಡ್ಡ ತಮಾಷೆ. ಆದರೆ ಆಫೀಸಿನಲ್ಲಿ ಅವನನ್ನು ಬಲ್ಲವರು ನಗುತ್ತಿರಲಿಲ್ಲ. ಬಾವಿಗೆ ಹೆದರದವರ ಕೈಬೆರಳುಗಳನ್ನು ಅವರು ಎಣಿಸಿ ನೋಡಿದ್ದರು.

ಅವನ ಜೊತೆಗಾರ ಮೇಸ್ತ್ರಿ. ಹತ್ತೊಂಬತ್ತು ವರ್ಷದ ಜೋಡಿ. ಕೆಲಸ ಕಲಿಸಿದವರೂ ಅವರೇ, ಪುಕ್ಕಲನ ಮದುವೆಗೆ ಹೆಣ್ಣು ಹುಡುಕಿದವರೂ ಅವರೇ. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. ಮೇಸ್ತ್ರಿ ಕಟ್ಟಡದ ತುದಿಯ ಮೋಟಾರು ಕೋಣೆಯಲ್ಲಿ ಕೂರುವುದು, ಪುಕ್ಕಲ ಬಾವಿಗೆ ಇಳಿಯುವುದು. ಹಗ್ಗ ಹಾದುಹೋಗಲು ಕೋಣೆಯ ನೆಲದಲ್ಲಿ ತೂತುಗಳಿರುತ್ತವಲ್ಲ, ಅವುಗಳ ಮೂಲಕವೇ ಕೂಗಿ ಮಾತು. ಆಫೀಸು ಕೊಟ್ಟ ವಾಕಿಟಾಕಿ ಮೇಸ್ತ್ರಿಯ ಚೀಲದ ತಳದಲ್ಲಿ ನಿದ್ದೆ ಹೊಡೆಯುತ್ತಿತ್ತು. ‘ನನ್ನ ಕಿವಿ ಇರೋವಾಗ ಈ ಗರಗರ ಡಬ್ಬಿ ಯಾಕೋ?’ ಅನ್ನುತ್ತಿದ್ದರು.

ಮೊದಲ ದಿನವೇ ಮೇಸ್ತ್ರಿ ಒಂದು ಪಾಠ ಹೇಳಿದ್ದರು: ‘ಬಾವಿಯಲ್ಲಿ ಹೇಳಿದ ಮಾತು ವಾಪಸ್ಸು ಬರಬೇಕು. ನೀನು ನಿಲ್ಲಿಸಿ ಅಂದ್ರೆ ನಾನು ನಿಲ್ಲಿಸಿದೆ ಅನ್ನಬೇಕು. ಬರೀ ಹೂಂ ಅಂದ್ರೆ ನಂಬಬೇಡ. ಹೂಂ ಅನ್ನೋಕೆ ಕೇಳಿಸಲೇಬೇಕು ಅಂತಿಲ್ಲ.’

ಹಾಗೆ ಹೇಳಿದ ಮೇಸ್ತ್ರಿಯ ಬಾಯಿಂದಲೇ ಮೂರು ತಿಂಗಳಿಂದ ಹೂಂ ಬರತೊಡಗಿತ್ತು.

ಪುಕ್ಕಲ ಗಮನಿಸಿದ್ದ. ಒಮ್ಮೆ ಕಾವಲುಗಾರ ಹಿಂದಿನಿಂದ ಕರೆದಾಗ ಮೇಸ್ತ್ರಿ ತಿರುಗಲಿಲ್ಲ. ಇನ್ನೊಮ್ಮೆ ಗಂಟೆ ಎಷ್ಟು ಅಂತ ಕೇಳಿದರೆ ಊಟ ಆಯ್ತು ಅಂದರು. ಗಮನಿಸಿದ್ದನ್ನು ಹೊಟ್ಟೆಯೊಳಗೇ ಇಟ್ಟುಕೊಂಡ. ಆ ಮೀಸೆಯ ಮುಂದೆ ನಿಂತು ಹೇಳುವುದನ್ನು ನೆನೆದರೆ ಬಾವಿಯಷ್ಟೇ ಭಯ.

ಆ ಗುರುವಾರ ಒಂಬತ್ತು ಮಹಡಿಯ ಹಳೆಯ ಕಟ್ಟಡ. ಮೇನ್ ಸ್ವಿಚ್ ಆರಿಸಿ ಬೀಗ ಹಾಕಿದ್ದಾಗಿತ್ತು. ಗೋಡೆಯ ಒಂದು ಬೋಲ್ಟು ಕೈಗೆ ಎಟುಕಬೇಕಾದರೆ ಡಬ್ಬ ಒಂದಿಷ್ಟು ಸರಿಯಬೇಕು. ಅದಕ್ಕೆ ಮೇಸ್ತ್ರಿ ಮೇಲೆ ಕೈಯಿಂದಲೇ ಬ್ರೇಕು ಬಿಡಬೇಕು. ಖಾಲಿ ಡಬ್ಬಕ್ಕಿಂತ ಹಗ್ಗದ ಇನ್ನೊಂದು ತುದಿಯ ಕಬ್ಬಿಣವೇ ಭಾರ, ಹಾಗಾಗಿ ಬ್ರೇಕು ಬಿಟ್ಟರೆ ಡಬ್ಬ ಮೇಲಕ್ಕೇ ಹೋಗುತ್ತದೆ. ಒಂದು ಸಲ ಬಿಟ್ಟರು, ಸರಿಯಿತು, ನಿಂತಿತು. ಪುಕ್ಕಲ ಡಬ್ಬದ ಅಂಚಿನಿಂದಾಚೆ ತೋಳು ಚಾಚಿ, ಗೋಡೆಗೆ ಬಿಗಿದ ಕಬ್ಬಿಣದ ಪಟ್ಟಿಯ ಕೆಳಗೆ ಸ್ಪ್ಯಾನರು ಹಾಕಿದ.

‘ಇನ್ನೂ ಸ್ವಲ್ಪ ಬೇಕೇನೋ?’ ಮೇಲಿನಿಂದ ಕೂಗು.

‘ಬೇಡ!’

‘ಹೂಂ.’

ಡಬ್ಬ ಅಲುಗಿತು. ಮೇಲೇರಿತು. ಪುಕ್ಕಲ ತೋಳು ಎಳೆದುಕೊಂಡದ್ದು ಯೋಚಿಸಿ ಅಲ್ಲ, ಹತ್ತೊಂಬತ್ತು ವರ್ಷದ ಹೆದರಿಕೆಯೇ ಅವನ ತೋಳನ್ನು ಎಳೆದುಬಿಟ್ಟಿತು. ಸ್ಪ್ಯಾನರು ಕಬ್ಬಿಣಕ್ಕೂ ಅಂಚಿಗೂ ನಡುವೆ ಸಿಕ್ಕಿ ಕಿರುಚಿ ಬಾಗಿತು. ‘ನಿಲ್ಲಿಸೀ!’ ಎಂದು ಅರಚಿದ ಮೇಲೆ ಡಬ್ಬ ನಿಂತಿತು.

ಸಂಜೆ ಮೇಸ್ತ್ರಿ ಬಾಗಿದ ಸ್ಪ್ಯಾನರನ್ನು ನೋಡಿ, ‘ನೀನೇ ಅಲ್ವೇನೋ ಬಿಡು ಅಂದಿದ್ದು?’ ಎಂದರು. ಅವರ ಮುಖದಲ್ಲಿ ಮೋಸವಿರಲಿಲ್ಲ. ಅದೇ ಪುಕ್ಕಲನನ್ನು ಹೆಚ್ಚು ಹೆದರಿಸಿತು. ಸುಳ್ಳು ಹೇಳುವವನ ಜೊತೆ ಜಗಳವಾದರೂ ಆಡಬಹುದು. ತನಗೆ ಕೇಳಿಸಿಲ್ಲ ಅನ್ನುವುದೇ ಗೊತ್ತಿಲ್ಲದವರ ಜೊತೆ ಏನು ಆಡುವುದು?

ಸೂಪರ್‌ವೈಸರಿಗೆ ಹೇಳಬಹುದಿತ್ತು. ಹೇಳಿದರೆ ಮೇಸ್ತ್ರಿಯನ್ನು ಮಾರನೆಯ ದಿನವೇ ಬಾವಿಯಿಂದ ದೂರವಿಡುತ್ತಾರೆ, ತನ್ನ ಬೆನ್ನಿಗೆ ಚೂರಿ ಹಾಕಿದವನು ಇವನೇ ಅಂತ ಅವರು ಸಾಯುವ ತನಕ ಮಾತು ಬಿಡುತ್ತಾರೆ. ಹೇಳದಿದ್ದರೆ ಸಾಯುವ ತನಕ ಅನ್ನುವುದು ಬಹಳ ದೂರವೇನೂ ಇರಲಿಲ್ಲ.

ಶುಕ್ರವಾರ ಪುಕ್ಕಲ ಒಂದು ಉಪಾಯ ಮಾಡಿದ. ತಮಾಷೆಯಲ್ಲಿ ಹೇಳಿದರೆ ನಾಟುತ್ತದೆ, ನೋಯಿಸುವುದಿಲ್ಲ ಅಂದುಕೊಂಡ. ಚಹಾ ಅಂಗಡಿಯಲ್ಲಿ ಕಾವಲುಗಾರ, ಪೇಂಟರು, ಎಲ್ಲರೂ ಇದ್ದಾಗ, ‘ನಮ್ಮ ಮೇಸ್ತ್ರಿ ಕಿವಿಗೆ ಈಗ ಪಿಂಚಣಿ ಶುರು’ ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಈ ಮಾತು ಮಾತ್ರ ಮೇಸ್ತ್ರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅರ್ಧ ಕುಡಿದ ಲೋಟ ಇಟ್ಟು ಎದ್ದುಹೋದರು. ಆ ಮಧ್ಯಾಹ್ನ ಬಾವಿಯಲ್ಲಿ ಹೂಂ ಕೂಡ ಬರಲಿಲ್ಲ. ಪುಕ್ಕಲ ಕೂಗಿದ, ಉತ್ತರವಿಲ್ಲ. ಮತ್ತೆ ಕೂಗಿದ. ತನ್ನ ದನಿಯೇ ಗೋಡೆಗೆ ಬಡಿದು ಕೆಳಗಿಳಿದು ಹೋಯಿತು. ಕೆಲಸ ಅರ್ಧಕ್ಕೇ ಬಿಟ್ಟು ಹೊರಬಂದ.

ಮನೆಯಲ್ಲಿ ಹೆಂಡತಿ ಅವನ ಮುಖ ನೋಡಿ ಬಾಯಿ ಬಿಡಿಸಿದಳು. ಎಲ್ಲ ಕೇಳಿ, ತಲೆಗೂದಲ ತುದಿಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು ಮೀಸೆ ಮಾಡಿಕೊಂಡು ಎದುರು ಕೂತಳು.

‘ನಾನೇ ಮೇಸ್ತ್ರಿ. ಹೇಳಿ ನೋಡೋಣ.’

‘ಮೇಸ್ತ್ರಿ, ನಿಮಗೆ ಕಿವಿ ಕೇಳಿಸಲ್ಲ.’

‘ಎದ್ದು ಹೋದ್ರು ಮೇಸ್ತ್ರಿ. ಇನ್ನೊಂದು ಸಲ.’

‘ನೀವು ಮೊದಲಿನ ಹಾಗಿಲ್ಲ.’

‘ರೀ, ಹೀಗಂದ್ರೆ ನಾನಾದ್ರೂ ಹೊಡೀತೀನಿ! ಅವರು ಎಂಥವರು ಅನ್ನೋದನ್ನ ಬಿಡಿ. ಕಿವಿ ಹೇಗಿದೆ ಅನ್ನೋಕೆ ನೀವೇನು ಡಾಕ್ಟರಾ? ಅವತ್ತು ನಡೆದಿದ್ದು ಏನು, ಅಷ್ಟು ಹೇಳಿ. ಮತ್ತೆ ಟೀ ಅಂಗಡಿ ಮಾತಿಗೆ ಮೊದಲು ತಪ್ಪಾಯ್ತು ಅನ್ನಿ. ಯಾರೂ ಇಲ್ಲದ ಜಾಗ ನೋಡಿಕೊಳ್ಳಿ.’

ಶನಿವಾರ ರಜೆ ಹಾಕಿದ. ಭಾನುವಾರವೆಲ್ಲ ಅಭ್ಯಾಸ ಮಾಡಿದ.

ಸೋಮವಾರ ಅದೇ ಕಟ್ಟಡ. ಪುಕ್ಕಲ ಬಾವಿಗೆ ಇಳಿಯಲಿಲ್ಲ. ಮೇಸ್ತ್ರಿಯ ಹಿಂದೆಯೇ ಮೆಟ್ಟಿಲು ಹತ್ತಿ ಮೋಟಾರು ಕೋಣೆಗೆ ಹೋದ, ಬಾಗಿಲು ಮುಂದೆ ಮಾಡಿದ, ಗಾಳಿ ಫ್ಯಾನು ಆರಿಸಿದ, ಅವರ ಮುಖಕ್ಕೆ ಮುಖ ಕೊಟ್ಟು ನಿಂತ.

‘ಮೇಸ್ತ್ರಿ, ಶುಕ್ರವಾರ ಎಲ್ಲರ ಮುಂದೆ ಹಾಗಂದಿದ್ದು ತಪ್ಪಾಯ್ತು. ನಿಮಗೇ ನೇರ ಹೇಳಬೇಕಿತ್ತು.’

‘ಏನು ಹೇಳಬೇಕಿತ್ತು?’

‘ಗುರುವಾರ ನಾನು ಬೇಡ ಅಂದೆ. ನೀವು ಹೂಂ ಅಂದ್ರಿ. ಡಬ್ಬ ಮೇಲೆ ಬಂತು. ಕೈ ಹೋಗಿಬಿಡ್ತಿತ್ತು. ಮಾತು ವಾಪಸ್ಸು ಬರದೇ ಇದ್ರೆ ಕೈ ಚಾಚಬಾರದು ಅಂತ ನೀವೇ ಕಲಿಸಿದ್ದು. ನಾನು ಚಾಚಿದ್ದೆ. ಅದು ನನ್ನ ತಪ್ಪು. ಆದ್ರೆ ನಿಮ್ಮಿಂದ ಮಾತು ವಾಪಸ್ಸು ಬರಲಿಲ್ಲ. ನಂಗೆ ಭಯ ಆಗ್ತಿದೆ, ಮೇಸ್ತ್ರಿ. ಇದು ಸರಿಹೋಗೋ ತನಕ ನಾನು ಇಳಿಯಲ್ಲ.’

‘ಲೋ, ನಿನಗೆ ಸ್ಪ್ಯಾನರು ಹಿಡಿಯೋದು ಕಲಿಸಿದ್ದು ಯಾರು?’

‘ನೀವೇ.’

‘ನನಗೇ ಪಾಠ ಹೇಳೋಕೆ ಬಂದ್ಯಾ?’

‘ನೀವು ಹೇಳಿದ ಪಾಠಾನೇ ಹೇಳ್ತಿದೀನಿ.’

ಮೇಸ್ತ್ರಿಯ ಕಪಾಳ ಕೆಂಪಾಯಿತು. ಪುಕ್ಕಲ ಬಾಗಿಲ ಕಡೆ ಸರಿಯಲಿಲ್ಲ. ಮೇಸ್ತ್ರಿ ನೆಲದ ತೂತಿನೊಳಗೆ ಬಗ್ಗಿ ನೋಡಿದರು.

‘ಎಷ್ಟು ದಿನದಿಂದ ನೋಡ್ತಿದೀಯ?’ ಮೇಸ್ತ್ರಿಯ ದನಿ ಮೊದಲ ಸಲ ಚಿಕ್ಕದಾಗಿತ್ತು.

‘ಮೂರು ತಿಂಗಳು.’

‘ಮೂರು ತಿಂಗಳಾ! ಮೂರು ತಿಂಗಳು ನನ್ನ ಕೈಲಿ ನಿನ್ನ ಜೀವ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದೆಯಾ? ನಿನ್ನ ತೋಳು ತುಂಡಾಗಿದ್ರೆ ನಿನ್ನ ಹೆಂಡತಿಗೆ ನಾನು ಯಾವ ಮುಖ ತೋರಿಸ್ತಿದ್ದೆ? ಇದಕ್ಕೆ ಮರ್ಯಾದೆ ಅಂತೀಯೇನೋ, ಕತ್ತೆ?’

ಮೇಸ್ತ್ರಿ ಮೋಟಾರಿನ ಕಟ್ಟೆಯ ಮೇಲೆ ಕೂತರು. ‘ಬಲಗಿವಿಯಲ್ಲಿ ಸದಾ ನೀರು ಕುದಿಯೋ ಶಬ್ದ. ನನ್ನ ಹೆಂಡತಿಗೂ ಹೇಳಿಲ್ಲ. ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ ಭಯ ಕಣೋ.’

ಆ ದಿನ ಇಬ್ಬರೂ ಲಿಫ್ಟಿಗೆ ‘ಕೆಲಸದಲ್ಲಿದೆ’ ಎಂಬ ಹಲಗೆ ಹಾಕಿ ಅಲ್ಲೇ ಕೂತು ಮಾತಾಡಿದರು. ಬೇಡ ಅನ್ನುವ ಮಾತೇ ಬಾವಿಯಲ್ಲಿ ಬೇಡ. ದೂರದಿಂದ ಅದು ಬಿಡು ಅಂತಲೇ ಕೇಳಿಸುತ್ತದೆ, ಕಿವಿ ಚೆನ್ನಾಗಿದ್ದವರಿಗೂ. ಇನ್ನು ಮುಂದೆ ನಿಲ್ಲಿಸಿ ಅನ್ನುವುದು. ವಾಕಿಟಾಕಿ ಚೀಲದಿಂದ ಹೊರಬರಬೇಕು. ಡಾಕ್ಟರ ಹತ್ತಿರ ಹೋಗುವ ತನಕ ಇಬ್ಬರೂ ಬಾವಿಗೆ ಕೈ ಹಾಕುವಂತಿಲ್ಲ. ಸೂಪರ್‌ವೈಸರಿಗೆ ಹೇಳುವುದು ಮೇಸ್ತ್ರಿಯೇ. ಪುಕ್ಕಲ ಜೊತೆಗೆ ಬಂದು ನಿಲ್ಲುವುದು, ಅಷ್ಟೇ.

ಎಲ್ಲ ಸಿಹಿಯಾಗಿ ಮುಗಿಯಿತು ಅಂದುಕೊಂಡರೆ ಇಲ್ಲ. ಮೂವತ್ತು ವರ್ಷದ ಮೋಟಾರು ಸದ್ದು ಎರಡೂ ಕಿವಿ ತಿಂದಿದೆ ಎಂದರು ಡಾಕ್ಟರು. ಆಫೀಸಿನವರು ಮೇಸ್ತ್ರಿಯನ್ನು ಬಾವಿಯಿಂದ ತೆಗೆದು, ಹೊಸಬರಿಗೆ ಕಲಿಸಲು ವರ್ಕ್‌ಶಾಪಿಗೆ ಹಾಕಿದರು. ಒಂದು ತಿಂಗಳು ಮೇಸ್ತ್ರಿ ಪುಕ್ಕಲನ ಮುಖ ಸರಿಯಾಗಿ ನೋಡಲಿಲ್ಲ. ಪುಕ್ಕಲನೂ ಸಮಜಾಯಿಷಿ ಹೇಳಲು ಹೋಗಲಿಲ್ಲ. ಪ್ರತಿ ಶನಿವಾರ ಬುತ್ತಿ ಹಿಡಿದು ವರ್ಕ್‌ಶಾಪಿಗೆ ಹೋಗಿ, ಅವರ ಎಡಕ್ಕೆ, ಸ್ವಲ್ಪ ಚೆನ್ನಾಗಿದ್ದ ಕಿವಿಯ ಕಡೆ ಕೂತು ಉಣ್ಣುತ್ತಿದ್ದ. ಅವರು ಬೈದುಬಿಡುತ್ತಾರೆ, ಎದ್ದು ಹೋಗು ಅನ್ನುತ್ತಾರೆ ಅಂತ ಪ್ರತಿ ಸಲವೂ ಹೆದರುತ್ತಲೇ ಕೂರುತ್ತಿದ್ದ.

ಐದನೇ ಶನಿವಾರ ಮೇಸ್ತ್ರಿ ಒಂದು ಹಾಳೆ ತಳ್ಳಿದರು. ಹೊಸಬರಿಗಾಗಿ ಅವರೇ ಬರೆದ ಪಾಠ.

‘ನೋಡು, ಸರಿಯಿದೆಯಾ?’

ಪುಕ್ಕಲ ಓದಿದ. ‘ಎರಡನೇದು ತಪ್ಪಿದೆ, ಮೇಸ್ತ್ರಿ. ಮೊದಲು ಬೀಗ, ಆಮೇಲೆ ಹಲಗೆ.’

‘ಅಬ್ಬಾ, ಈ ಸಲ ಮೂರು ತಿಂಗಳು ಕಾಯಿಸಲಿಲ್ಲವಲ್ಲ!’ ಎಂದು ಮೇಸ್ತ್ರಿ ಇಡೀ ವರ್ಕ್‌ಶಾಪು ತಿರುಗಿ ನೋಡುವ ಹಾಗೆ ನಕ್ಕರು, ತಮ್ಮ ಬುತ್ತಿಯಿಂದ ಒಂದು ತುತ್ತು ಅವನ ತಟ್ಟೆಗೆ ಹಾಕಿದರು.

ಮುಂದೆ ಪುಕ್ಕಲ ಹನ್ನೆರಡು ವರ್ಷ ಬಾವಿಗೆ ಇಳಿದ. ಪ್ರತಿದಿನ ಹೆದರುತ್ತಲೇ ಇಳಿದ, ಹತ್ತು ಬೆರಳು ಉಳಿಸಿಕೊಂಡ. ಕೆಲಸದ ಕೊನೆಯ ದಿನ ಬೆಳಿಗ್ಗೆ ಹೆಂಡತಿ ಕೊಟ್ಟ ಚಹಾ ಮುಟ್ಟದೆ ಕೂತಿದ್ದ.

‘ಇವತ್ತೂ ಭಯನಾ? ನಾಳೆಯಿಂದ ಬಾವಿನೇ ಇಲ್ಲವಲ್ಲ.’

‘ಬಾವಿಗಲ್ಲ ಕಣೇ. ಆ ಹುಡುಗಿ.’ ಎರಡು ತಿಂಗಳಿಂದ ಅವನ ಜೊತೆಗಿದ್ದ ಹೊಸ ಕೆಲಸಗಾರ್ತಿ, ಚುರುಕು, ಮುಂಗೋಪಿ. ‘ಡಬ್ಬದ ನೆತ್ತಿಗೆ ಕಾಲಿಡೋಕೆ ಮುಂಚೆ ಡಬ್ಬ ಅಲುಗದ ಹಾಗೆ ನಿಲ್ಲಿಸೋ ಕೆಂಪು ಗುಂಡಿ ಒತ್ತಬೇಕು. ನಿನ್ನೆ ಕಾಲಿಟ್ಟು ಆಮೇಲೆ ಒತ್ತಿದಳು. ಹೇಳೋಷ್ಟರಲ್ಲಿ ಆಫೀಸಿನವರು ಬಂದ್ರು. ಇವತ್ತು ಹೇಳಲೇಬೇಕು. ನನ್ನ ಮೇಲೆ ಅವಳಿಗೆ ತುಂಬಾ ಅಭಿಮಾನ. ಕೊನೇ ದಿನ ಮುಖ ಊದಿಸಿಕೊಂಡು ಹೋದ್ರೆ, ಸಮಾಧಾನ ಮಾಡೋಕೆ ನಂಗೆ ನಾಳೆ ಅನ್ನೋದೇ ಇಲ್ಲ.’

‘ಹಾಗಾದ್ರೆ ಇವತ್ತು ಸುಮ್ಮನಿರಿ.’

ಅವನು ಹೆಂಡತಿಯ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿದ್ದಳೋ ಪರೀಕ್ಷೆ ಮಾಡುತ್ತಿದ್ದಳೋ ತಿಳಿಯಲಿಲ್ಲ. ಚಹಾ ಒಂದೇ ಗುಟುಕಿಗೆ ಕುಡಿದು, ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡ. ಎಲ್ಲರೂ ಸೇರುವ ಮೊದಲು, ಅವಳೊಬ್ಬಳೇ ಇರುವಾಗ ಸಿಗಬೇಕು. ಬೇಗ ಹೊರಟರೆ ಸಿಕ್ಕಾಳು.

ಚಪ್ಪಲಿ ಮೆಟ್ಟಿ, ಬಾಯಲ್ಲೇ ಮೊದಲ ವಾಕ್ಯ ಹೊಂದಿಸಿಕೊಳ್ಳುತ್ತ, ಕೆಲಸಕ್ಕೆಂದು ಕೊನೆಯ ಸಲ ಆ ಮನೆಯ ಮೆಟ್ಟಿಲು ಇಳಿದ.