ಘಟ್ಟ ಬಂದಾದ ವಾರದ ತೆಂಗಿನಕಾಯಿ

ಅರವತ್ತರ ದಶಕದಲ್ಲಿ ನಾನು ಧಾರವಾಡದಲ್ಲಿ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನನ್ನ ಪ್ರಬಂಧದ ವಿಷಯ ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆಗಳಲ್ಲಿ ತೆಂಗಿನಕಾಯಿಯ ಬೇಡಿಕೆ. ಕಾಯಿಯ ಬೆಲೆ ಏರಿದರೆ ಜನ ಎಷ್ಟು ಕಡಿಮೆ ಕೊಳ್ಳುತ್ತಾರೆ ಎನ್ನುವುದಷ್ಟೇ ಪ್ರಶ್ನೆ. ಬನವಾಸಿ ಕಡೆಯ ನಮ್ಮ ಮನೆಯಲ್ಲಿ ಇದನ್ನು ಕೇಳಿದವರೆಲ್ಲ, ಅದಕ್ಕೆ ಧಾರವಾಡಕ್ಕೆ ಯಾಕೆ ಹೋಗಬೇಕು, ನಮ್ಮನ್ನೇ ಕೇಳಬಹುದಿತ್ತಲ್ಲ ಎಂದಿದ್ದರು. ನನಗೂ ಅದು ಸುಲಭದ ಕೆಲಸ ಅನ್ನಿಸಿತ್ತು.

ಮೂರೂ ಪೇಟೆಗಳಿಂದ ವಾರವಾರದ ಬೆಲೆ, ಮಾರಾಟವಾದ ಕಾಯಿಯ ಲೆಕ್ಕ ತಂದು ಕಾಗದದ ಮೇಲೆ ಚುಕ್ಕೆ ಇಟ್ಟೆ. ಚುಕ್ಕೆಗಳ ನಡುವೆ ಗೆರೆ ಎಳೆದರೆ ಅದು ಮೇಲಕ್ಕೆ ಹೋಯಿತು. ಬೆಲೆ ಏರಿದ ವಾರಗಳಲ್ಲೇ ಜನ ಹೆಚ್ಚು ಕಾಯಿ ಕೊಂಡಿದ್ದರು. ಲೆಕ್ಕ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಗೆರೆ ಮತ್ತೆ ಮೇಲಕ್ಕೇ ಹೋಯಿತು.

ನನ್ನ ಮಾರ್ಗದರ್ಶಕರು ಅದನ್ನು ನೋಡಿ ನಕ್ಕರು. "ಮದುವಿ ಸೀಜನ್ನಿನಾಗ ಕಾಯಿ ಬೇಕಾಗ್ತಾವು. ಬೇಡಿಕಿ ಏರಿದ್ರ ಬೆಲಿನೂ ಏರ್ತೈತಿ, ಮಾರಾಟನೂ ಏರ್ತೈತಿ. ನೀ ನೋಡಿದ್ದು ಬೇಡಿಕಿ ಗೆರಿ ಅಲ್ಲವ್ವಾ, ಬೇಡಿಕಿ ಪೂರೈಕಿ ಎರಡು ಗೆರಿ ಕೂಡಿದ ಜಾಗ," ಎಂದರು. ಪೂರೈಕೆಯನ್ನು ಮಾತ್ರ ಅಲುಗಾಡಿಸಿ, ಬೇಡಿಕೆಯನ್ನು ಮುಟ್ಟದೇ ಇರುವ ಏನಾದರೂ ಒಂದನ್ನು ಹುಡುಕಬೇಕು, ಅದಕ್ಕೆ ಇನ್‌ಸ್ಟ್ರುಮೆಂಟಲ್ ವೇರಿಯೇಬಲ್ ಎನ್ನುತ್ತಾರೆ ಎಂದು ಒಂದು ಲೇಖನ ಕೊಟ್ಟರು. ಓದಿದೆ. ಓದುತ್ತಿರುವಾಗ ಅರ್ಥವಾದಂತೆ ಇರುತ್ತಿತ್ತು, ಮುಚ್ಚಿಟ್ಟ ಮೇಲೆ ಏನೂ ಉಳಿಯುತ್ತಿರಲಿಲ್ಲ.

ಆದರೆ ಅಂಥ ಒಂದು ವಸ್ತು ನನಗೆ ಬೇಗ ಸಿಕ್ಕಿತು. ನಮ್ಮ ಪೇಟೆಗಳಿಗೆ ಹೆಚ್ಚಿನ ಕಾಯಿ ಬರುವುದು ಕರಾವಳಿಯಿಂದ, ಘಟ್ಟ ಹತ್ತಿ. ಮಳೆಗಾಲದಲ್ಲಿ ಗುಡ್ಡ ಜರಿದು ಘಟ್ಟದ ರಸ್ತೆ ಬಂದಾಗುತ್ತದೆ. ಆಗ ಕಾಯಿ ಬರುವುದಿಲ್ಲ, ಬೆಲೆ ಏರುತ್ತದೆ. ಗುಡ್ಡ ಜರಿದದ್ದಕ್ಕೂ ಶಿರಸಿಯ ಮನೆಯಾಕೆ ಸಾರಿಗೆ ಎಷ್ಟು ಕಾಯಿ ಹಾಕುತ್ತಾಳೆ ಎನ್ನುವುದಕ್ಕೂ ಸಂಬಂಧವಿಲ್ಲ. ರಸ್ತೆ ಇಲಾಖೆಯಿಂದ ಯಾವ ವಾರ ಯಾವ ಘಟ್ಟ ಬಂದಾಗಿತ್ತು ಎಂದು ಬರೆದುಕೊಂಡು, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ತೋಳು ನೋಯುವ ತನಕ ತಿರುಗಿಸಿದೆ. ಈಗ ಗೆರೆ ಕೆಳಗಿಳಿಯಿತು. ಖುಷಿಯಲ್ಲಿ ಆ ಅಧ್ಯಾಯ ಬರೆದು ಮುಗಿಸಿದೆ.

ಮಾರ್ಗದರ್ಶಕರು ಒಪ್ಪಿದರೂ ಅದನ್ನು ತಮ್ಮ ಹಳೆಯ ಗುರುಗಳು ಓದಬೇಕೆಂದರು. ಮುಂಬಯಿಯ ಕಡೆ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾಗಿ ಶಿರಸಿಗೆ ಮರಳಿದ್ದ ಹವ್ಯಕರು ಅವರು. ಅಂಕಿಸಂಖ್ಯೆಯ ಅರ್ಥಶಾಸ್ತ್ರದ ಮೇಲೆ ಅವರಿಗೆ ನಂಬಿಕೆ ಕಡಿಮೆ ಎಂದು ಮೊದಲೇ ಎಚ್ಚರಿಸಿದ್ದರು. ನಾನು ಶಿರಸಿಯ ಕಾಕಿಯ ಮನೆಯಲ್ಲಿ ಉಳಿದುಕೊಂಡು ಅವರನ್ನು ಕಾಣಲು ಹೋದೆ.

ಜಗಲಿಯಲ್ಲಿ ಕೂತಿದ್ದ ಅವರು ನನ್ನ ಕಾಗದದ ಕಟ್ಟನ್ನು ಮೊಣಕಾಲ ಮೇಲೆ ಇಟ್ಟುಕೊಂಡೇ ಕೇಳಿದರು. "ಅಲ್ಲ, ಕಾಯಿಯ ಬೆಲೆ ಗೊತ್ತಿದೆ, ಮಾರಾಟ ಗೊತ್ತಿದೆ. ಮಧ್ಯದಲ್ಲಿ ಈ ಘಟ್ಟ ಎಂತಕ್ಕೆ ಬಂತು?"

ಒಳಗಿನಿಂದ ಅವರ ಹೆಂಡತಿ, "ಆ ಹುಡುಗಿಗೆ ಮೊದ್ಲು ಚಾ ಕುಡಿಯಲೆ ಬಿಡಿ. ಆಮೇಲೆ ಕೇಳಿ," ಎಂದರು. ಅವರು ಬಿಡಲಿಲ್ಲ.

ನಾನು ಕಾಗದದ ಹಿಂಬದಿಯಲ್ಲಿ ಎರಡು ಗೆರೆ ಎಳೆದೆ, ಇಳಿಯುವುದು ಬೇಡಿಕೆ, ಏರುವುದು ಪೂರೈಕೆ. "ಎರಡೂ ಗೆರಿ ವಾರಾ ವಾರಾ ಸರಿದಾಡಿದ್ರ, ಅವು ಕೂಡೋ ಜಾಗ ಎಲ್ಲೆಲ್ಲೋ ಬೀಳ್ತೈತ್ರಿ. ಆ ಚುಕ್ಕಿ ನೋಡಿ ಯಾವ ಗೆರಿನೂ ಹೇಳಾಕ ಆಗಂಗಿಲ್ಲ. ಬೇಡಿಕಿ ನಿಂತಲ್ಲೇ ನಿಂತು ಪೂರೈಕಿ ಒಂದೇ ಸರಿದ್ರ, ಚುಕ್ಕಿ ಎಲ್ಲಾ ಬೇಡಿಕಿ ಗೆರಿ ಮ್ಯಾಲೇ ಬೀಳ್ತಾವ್ರಿ. ಘಟ್ಟ ಬಂದಾದ ವಾರ ಬೆಲಿ ಎಷ್ಟು ಏರ್ತು, ಮಾರಾಟ ಎಷ್ಟು ಇಳೀತು ನೋಡೋದು. ಇಳಿದದ್ದನ್ನ ಏರಿದ್ದರಿಂದ ಭಾಗಿಸಿದ್ರ ಬೇಡಿಕಿ ಗೆರಿ ಇಳಿಜಾರು ಸಿಗ್ತೈತ್ರಿ ಸರ್."

"ಬೇಡಿಕೆ ನಿಂತಲ್ಲೇ ನಿಂತಿದೆ ಅಂತ ನಿಂಗೆ ಯಾರು ಹೇಳಿದ್ರು?"

"ಹಂಗಂತ ಹಿಡಕೊಂಡೀನ್ರಿ."

"ಘಟ್ಟ ಬಂದಾಗೋದು ಯಾವಾಗ?"

"ಮಳೆಗಾಲದಾಗ್ರಿ."

"ಮಳೆಗಾಲದಲ್ಲಿ ಮದುವೆ ಇದೆಯಾ?"

ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಘಟ್ಟ ತೆರೆದ ವಾರಗಳ ಲೆಕ್ಕದಲ್ಲಿ ಬೇಸಿಗೆಯ ಮದುವೆಗಳೆಲ್ಲ ಸೇರಿದ್ದವು, ಬಂದಾದ ವಾರಗಳಲ್ಲಿ ಒಂದೂ ಇರಲಿಲ್ಲ. ನಾನು ನಿಲ್ಲಿಸಿದ್ದೇನೆ ಎಂದುಕೊಂಡಿದ್ದ ಬೇಡಿಕೆ ಘಟ್ಟದ ಜೊತೆಗೇ ಸರಿದಾಡುತ್ತಿತ್ತು. ಚಾ ಬಂತು. ಅದರ ರುಚಿ ನೆನಪಿಲ್ಲ.

ಧಾರವಾಡಕ್ಕೆ ಹೋಗಿ ಎಲ್ಲವನ್ನೂ ಮತ್ತೆ ಮಾಡಿದೆ. ಈ ಸಲ ಮಳೆಗಾಲದ ವಾರಗಳನ್ನು ಮಾತ್ರ ಇಟ್ಟುಕೊಂಡೆ. ನಾಗರಪಂಚಮಿ, ಚೌತಿ ಇದ್ದ ವಾರಗಳಿಗೆ ಬೇರೆ ಗುರುತು ಹಾಕಿದೆ. ಒಂದೇ ಮಳೆಗಾಲದ ಒಂದು ವಾರ ಗುಡ್ಡ ಜರಿಯಿತು, ಇನ್ನೊಂದು ವಾರ ಜರಿಯಲಿಲ್ಲ. ಹೋಲಿಕೆ ಈಗ ಆ ಎರಡರ ನಡುವೆ ಮಾತ್ರ. ಶಿರಸಿ, ಸಿದ್ದಾಪುರಗಳ ಉತ್ತರ ಹೆಚ್ಚುಕಡಿಮೆ ಒಂದೇ ಬಂತು. ಯಲ್ಲಾಪುರದ್ದು ಮಾತ್ರ ವಿಚಿತ್ರವಾಗಿತ್ತು. ಅಲ್ಲಿ ಘಟ್ಟ ಬಂದಾದಾಗ ಬೆಲೆ ಜೋರಾಗಿ ಏರುತ್ತಿತ್ತು, ಮಾರಾಟ ಇಳಿಯುತ್ತಲೇ ಇರಲಿಲ್ಲ ಎನ್ನಬಹುದು. ಯಲ್ಲಾಪುರದವರು ಎಷ್ಟೇ ತುಟ್ಟಿಯಾದರೂ ಕಾಯಿ ಬಿಡುವವರಲ್ಲ, ಅದು ಅವರ ಊಟದ ಪದ್ಧತಿ ಎಂದು ಒಂದು ಪುಟ ಬರೆದೆ.

ಅದನ್ನು ಓದಿದ ಶಿರಸಿಯ ಗುರುಗಳು ಕನ್ನಡಕ ತೆಗೆದರು. "ಯಲ್ಲಾಪುರದಲ್ಲಿ ನನ್ನ ಅಕ್ಕನ ಮನೆ ಇದೆ. ಅವರು ನಮ್ಮಂತೆಯೇ ತಿನ್ನೋದು," ಎಂದರು. ಅದನ್ನು ಒರೆಸಿ ಹಾಕಿಕೊಂಡು ಮತ್ತೆ ಹೇಳಿದರು. "ಇನ್ನೊಂದು ನೋಡು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗೋ ಲಾರಿಗಳೆಲ್ಲ ಯಲ್ಲಾಪುರದ ಮೇಲೇ ಹೋಗ್ತವೆ. ಅಲ್ಲಿಂದ ಕೆಳಗಿಳಿಯೋ ಅರಬೈಲ್ ಘಟ್ಟ ಬಂದಾದ್ರೆ ಲಾರಿ ಇಲ್ಲ, ಹೋಟೆಲಿಗೆ ಜನ ಇಲ್ಲ, ಚಟ್ನಿಗೆ ಕಾಯಿ ಬೇಡ. ಅಲ್ಲಿಗೆ ಘಟ್ಟ ಬೇಡಿಕೆಯನ್ನೂ ಮುಟ್ಟಿತಲ್ಲ?"

"ಖರೇ ಐತ್ರಿ ಸರ್. ಆದ್ರ ಹಂಗಾದ್ರ ಯಲ್ಲಾಪುರದಾಗ ಮಾರಾಟ ಬ್ಯಾರೆ ಕಡೆಗಿಂತ ಜಾಸ್ತಿ ಇಳೀಬೇಕಿತ್ತಲ್ರಿ. ಕಾಯಿನೂ ಕಡಿಮಿ, ಗಿರಾಕಿನೂ ಕಡಿಮಿ. ಅಲ್ಲಿ ಇಳದೇ ಇಲ್ಲ."

ಅವರು ನನ್ನ ಕಾಗದವನ್ನು ಕೈಗೆ ತೆಗೆದುಕೊಂಡು, ಗೆರೆಗಳನ್ನು ಬೆರಳಿನಿಂದ ಆಚೆ ಈಚೆ ಸರಿಸಿದಂತೆ ಮಾಡಿ ನೋಡಿದರು. ಬೇಡಿಕೆ ಕಡಿಮೆಯಾಗಿ ಅದರ ಗೆರೆ ಎಡಕ್ಕೆ ಸರಿದರೆ ಮಾರಾಟ ಇನ್ನೂ ಇಳಿಯಬೇಕು, ಬೆಲೆ ಅಷ್ಟು ಏರಬಾರದು. ಅಂಕಿಗಳು ತದ್ವಿರುದ್ಧ ಹೇಳುತ್ತಿದ್ದವು. "ಹೌದು ಮಾರಾಯ್ತಿ," ಎಂದರು ಕೊನೆಗೆ. "ನಂಗೂ ತಿಳೀತಾ ಇಲ್ಲೆ." ನನ್ನೆದುರು ಅವರ ಬಾಯಿಂದ ಹವ್ಯಕರ ಮನೆಮಾತು ಬಂದದ್ದು ಅದೇ ಮೊದಲು. ಅವರಿಗೆ ಗೊತ್ತಿರುತ್ತದೆ, ಹೇಳುತ್ತಿಲ್ಲ ಎಂದುಕೊಂಡು ಇಷ್ಟು ದಿನ ಧೈರ್ಯ ಮಾಡಿದ್ದೆ. ಈಗ ಅದೂ ಹೋಯಿತು.

ಆ ಮಳೆಗಾಲದಲ್ಲಿ ಅರಬೈಲ್ ಘಟ್ಟ ಬಂದಾಗಿದೆ ಎಂದು ಗೊತ್ತಾದ ಕೂಡಲೇ ಯಲ್ಲಾಪುರದ ಬಸ್ಸು ಹತ್ತಿದೆ. ಖಾಲಿ ಹೋಟೆಲುಗಳನ್ನು ನೋಡುವೆನೆಂದೇ ಹೋಗಿದ್ದೆ. ಬಸ್ಸು ಊರ ಹೊರಗೇ ನಿಂತಿತು. ಮುಂದೆ ರಸ್ತೆಯ ಉದ್ದಕ್ಕೂ ತಾಡಪತ್ರಿ ಹೊದ್ದ ಲಾರಿಗಳು ಸಾಲಾಗಿ ನಿಂತಿದ್ದವು. ಇಳಿದು, ಸೀರೆ ಎತ್ತಿ ಹಿಡಿದು, ಕೆಸರಿನಲ್ಲಿ ನಡೆದು ಪೇಟೆಗೆ ಹೋದೆ. ಹೋಟೆಲಿನ ಬಾಗಿಲಲ್ಲಿ ಡ್ರೈವರುಗಳು, ಕ್ಲೀನರುಗಳು ಬೆಂಚು ಖಾಲಿಯಾಗಲೆಂದು ಕಾಯುತ್ತ ನಿಂತಿದ್ದರು. ಒಳಗೆ ಕೂರಲು ಜಾಗವಿರಲಿಲ್ಲ. ನನ್ನನ್ನು ನೋಡಿ ಮಾಲೀಕರು ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲನ್ನು ಕೊಟ್ಟರು.

"ಏನ್ರಿ ಇಷ್ಟು ಮಂದಿ?" ಎಂದೆ.

"ಕೆಳಗೆ ಇಳಿಯೋಹಾಗಿಲ್ಲ, ವಾಪಸ್ ಹೋದ್ರೆ ಮಾಲಿನವರು ಬೈತಾರೆ. ಇಲ್ಲೇ ಬಿದ್ಕೊಂಡಿದ್ದಾರೆ, ಮೂರು ಹೊತ್ತೂ ನಮ್ಮಲ್ಲೇ," ಎಂದರು ಅವರು, ಚಿಲ್ಲರೆ ಎಣಿಸುತ್ತಲೇ.

ಬೇಡಿಕೆ ಇಳಿದಿರಲಿಲ್ಲ, ಏರಿತ್ತು. ಘಟ್ಟ ಬಂದಾದರೆ ಯಲ್ಲಾಪುರಕ್ಕೆ ಕಾಯಿ ಕಡಿಮೆಯಾಗುತ್ತದೆ, ತಿನ್ನುವವರು ಹೆಚ್ಚಾಗುತ್ತಾರೆ. ಹಾಗಾಗಿಯೇ ಬೆಲೆ ಅಷ್ಟು ಏರುತ್ತಿತ್ತು, ಆ ಬೆಲೆಗೆ ಸುತ್ತಲಿನ ತೋಟಗಳ ಕಾಯಿಯೂ ಪೇಟೆಗೆ ಬಂದು ಮಾರಾಟ ಇಳಿಯುತ್ತಿರಲಿಲ್ಲ. ನಾನು ಯಲ್ಲಾಪುರದವರ ಊಟದ ಪದ್ಧತಿ ಎಂದು ಬರೆದದ್ದು ಎಲ್ಲೆಲ್ಲಿಂದಲೋ ಬಂದ ಲಾರಿ ಡ್ರೈವರುಗಳ ಹಸಿವಾಗಿತ್ತು. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಇಡ್ಲಿ ತರಿಸಿಕೊಂಡೆ. ಚಟ್ನಿ ನೀರಾಗಿತ್ತು.

ಅಲ್ಲಿಂದ ಸಿದ್ದಾಪುರಕ್ಕೂ ಹೋಗಿ ಬಂದೆ. ಅಲ್ಲಿ ಅಷ್ಟು ದೂರದ ಲಾರಿಗಳ ಸಾಲು ಇರಲಿಲ್ಲ. ಕಾಯಿ ಕೊಳ್ಳುವವರು ಊರವರೇ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಯಲ್ಲಾಪುರದ್ದು ಕಣ್ಣಿಗೆ ಬಿತ್ತು. ಸಿದ್ದಾಪುರದಲ್ಲಿ ನನ್ನ ಕಣ್ಣಿಗೆ ಬೀಳದ್ದು ಏನೋ ಇಲ್ಲವೆಂದು ಹೇಗೆ ಹೇಳುವುದು?

ಅದನ್ನೇ ಶಿರಸಿಯಲ್ಲಿ ಗುರುಗಳ ಮುಂದೆ ಹೇಳಿದೆ. ಹೋಟೆಲಿನ ವಿಷಯ ಕೇಳಿ ಅವರು ಹೆಂಡತಿಯನ್ನು ಕರೆದು, ತಾವು ಅಂದದ್ದು ತಿರುಗುಮುರುಗಾಯಿತೆಂದು ತಾವೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಘಟ್ಟ ಬಂದಾದ್ರೆ ಬೆಲೆ ಏರ್ತದೆ ಅನ್ನೋದನ್ನ ಲೆಕ್ಕದಿಂದ ತೋರಿಸಬಹುದು. ಹೌದಲ್ಲ?"

"ಹೌದ್ರಿ."

"ಬೆಲೆಯ ದಾರಿ ಬಿಟ್ಟು ಬೇರೆ ಯಾವ ದಾರಿಯಿಂದಲೂ ಘಟ್ಟ ಮಾರಾಟವನ್ನು ಮುಟ್ಟೋದಿಲ್ಲ ಅನ್ನೋದನ್ನ?"

"ಅದನ್ನ ನನ್ನ ಲೆಕ್ಕದಾಗ ತೋರ್ಸಾಕ ಆಗಂಗಿಲ್ರಿ. ಊರು ನೋಡಿ, ಕಾರಣ ಕೊಟ್ಟು ವಾದ ಮಾಡಬೇಕ್ರಿ ಅಷ್ಟ."

"ಹಾಗಂತ ಬರಿ. ಮೊದಲನೇ ಪುಟದಲ್ಲೇ ಬರಿ. ಯಲ್ಲಾಪುರ ತೆಗೆದುಹಾಕು, ಎಂತಕ್ಕೆ ತೆಗೆದೆ ಅಂತಲೂ ಬರಿ."

"ಈಗ ನಂಬ್ತೀರೇನ್ರಿ ಸರ್?"

ಅವರು ಕಾಗದದ ಕಟ್ಟನ್ನು ನನ್ನ ಕೈಗೆ ಕೊಟ್ಟರು. "ಸಿದ್ದಾಪುರದ್ದು ನಂಬಬಹುದು ಅನ್ನಿಸ್ತದೆ. ಶಿರಸಿಯದ್ದು ಗೊತ್ತಿಲ್ಲ. ಇಲ್ಲಿಗೂ ನಾಲ್ಕು ಕಡೆಯಿಂದ ಬಸ್ಸು ಬರ್ತದೆ."

ಪ್ರಬಂಧ ಹಾಗೆಯೇ ಹೋಯಿತು, ಎರಡು ಪೇಟೆಗಳ ಅಂಕಿಗಳು ಮತ್ತು ಮೂರನೆಯದನ್ನು ಬಿಟ್ಟದ್ದಕ್ಕೆ ಕಾರಣಗಳ ಜೊತೆ. ಧಾರವಾಡದ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಲೆಕ್ಕದ ಬಗ್ಗೆ ಹೆಚ್ಚು ಕೇಳಲಿಲ್ಲ. ಯಲ್ಲಾಪುರದ ಬಗ್ಗೆಯೇ ಕೇಳುತ್ತ ಹೋದರು. ನಾನು ಲಾರಿಗಳ ಸಾಲು, ತುಂಬಿದ ಬೆಂಚುಗಳನ್ನು ವಿವರಿಸಿದೆ. ಅವರು ತಲೆಯಾಡಿಸಿ, ಶಿರಸಿಯಲ್ಲಿ ಹಾಗಾಗುವುದಿಲ್ಲವೇ ಎಂದು ಕೇಳಿದರು. ಅಷ್ಟು ಆಗಲಿಕ್ಕಿಲ್ಲ ಎಂದು ನನ್ನ ನಂಬಿಕೆ ಎಂದೆ. ನಂಬಿಕೆ ಎಂಬ ಮಾತು ಬಾಯಿಂದ ಬಂದದ್ದೇ ಮುಖ ಬಿಸಿಯಾಯಿತು. ಪದವಿ ಕೊಟ್ಟರು.

ಮುಂದೆ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿದೆ. ಎರಡು ಗೆರೆ ಎಳೆಯುವ ತನಕ ನನ್ನ ಕೈ ತಡವರಿಸುತ್ತಿರಲಿಲ್ಲ. ಆ ಮೇಲೆ ಯಾರಾದರೂ ಹಿಂದಿನ ಬೆಂಚಿನಿಂದ, ಬೇರೆ ದಾರಿ ಇಲ್ಲ ಅಂತ ಹೆಂಗ್ ಗೊತ್ತಾಗ್ತೈತ್ರಿ ಮೇಡಮ್ ಎಂದು ಕೇಳಿದರೆ, ಊರಿಗೆ ಹೋಗಿ ನೋಡಬೇಕು ಎನ್ನುತ್ತಿದ್ದೆ. ನೋಡಿದರೂ ಕಾಣದಿದ್ದರೆ ಎಂದು ಅವರು ಕೇಳುವ ಮೊದಲೇ ಗಂಟೆ ಬಾರಿಸಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದೆ.