ನಡುಕ ಏರಿತು, ಬಿಸಿ ಇಳಿಯಿತು

ಕರಜಗಿಯ ಹಣಮವ್ವನಿಗೆ ಸಕ್ಕರೆ ಕಾರ್ಖಾನೆಯ ಕೆಲಸ ಗಂಡನಿಂದ ಬಂದದ್ದು. ಗಂಡ ಸೈದಪ್ಪ ಅಲ್ಲಿ ಫಿಟ್ಟರ್ ಆಗಿದ್ದ. ಕಾಮಾಲೆ ಹೆಚ್ಚಾಗಿ ಅವನು ತೀರಿಕೊಂಡ ಮರುವರ್ಷ, ತೊಂಬತ್ತನೇ ಇಸವಿಯ ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ, ಅವನ ಬದಲಿಗೆ ಅವಳನ್ನು ತೆಗೆದುಕೊಂಡರು. ಏಳನೇ ಇಯತ್ತೆ ಓದಿದ್ದ ಅವಳನ್ನು ಎಲ್ಲಿ ಕೂರಿಸಬೇಕೆಂದು ಆಫೀಸಿನವರಿಗೆ ತಿಳಿಯಲಿಲ್ಲ. ಕೆಲವು ದಿನ ಚಹಾ ಕೊಟ್ಟಳು, ಕೆಲವು ದಿನ ಸ್ಟೋರಿನಲ್ಲಿ ನಟ್ಟು ಬೋಲ್ಟು ಬೇರೆ ಮಾಡಿದಳು.

ಅದೇ ವರ್ಷ ಯಂತ್ರಗಳ ದುರಸ್ತಿ ನೋಡುವ ಎಂಜಿನಿಯರ್ ಕಲ್ಯಾಣಪ್ಪ ಎರಡು ಹೊಸ ಉಪಕರಣ ತರಿಸಿದ್ದರು. ಒಂದು ಕಂಪನ ಅಳೆಯುವ ಮೀಟರು, ಇನ್ನೊಂದು ಬಿಸಿ ಅಳೆಯುವುದು. ಫಿಟ್ಟರುಗಳಿಗೆ ಅದನ್ನು ಹಿಡಿದು ತಿರುಗುವಷ್ಟು ಪುರಸೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ. ಕಲ್ಯಾಣಪ್ಪ ಹಣಮವ್ವನನ್ನು ಕರೆದರು.

“ಬಾಯಿ, ಯಂತ್ರದ ಕೆಲಸ ನಿಮಗೆ ಬರಬೇಕಂತಿಲ್ಲ. ದಿನಾ ಒಂದೇ ಜಾಗದಾಗ ಇದನ್ನ ಹಚ್ಚಿ, ಬಂದ ಅಂಕಿ ಇಲ್ಲಿ ಬರೀಬೇಕು. ಅಷ್ಟ.”

“ಬರದ್ರ ಏನಾಗ್ತದ್ರಿ ಸಾಹೇಬ್ರ?”

“ಬೇರಿಂಗ್ ಮುರಿಯೂಕಿಂತ ಮೊದಲ ನಮಗ ತಿಳೀತದ. ಒಳಗಿನ ಉರುಳಿ ಸವೆದ್ರ ನಡುಕ ಹೆಚ್ಚಾಗ್ತದ. ಆಮ್ಯಾಲ ಬಿಸಿನೂ ಏರ್ತದ. ಒಂದು ದಿನದ ಅಂಕಿ ಏನೂ ಹೇಳಂಗಿಲ್ಲ. ದಿನಾ ಏರಾಕತ್ತದೋ ಇಲ್ಲೋ, ಅದು ಮುಖ್ಯ.”

ಪ್ರತಿ ಬೇರಿಂಗಿನ ಮೇಲ್ಕವಚಕ್ಕೂ ಅವರು ಕೆಂಪು ಬಣ್ಣದ ಚುಕ್ಕೆ ಹಾಕಿಸಿದರು. ಒಂದು ಮೇಲೆ, ಒಂದು ಪಕ್ಕಕ್ಕೆ, ಒಂದು ತುದಿಗೆ. ಆ ಚುಕ್ಕೆ ಬಿಟ್ಟು ಬೇರೆಲ್ಲೂ ಮೀಟರಿನ ಮೂತಿ ತಾಗಬಾರದು. ಜಾಗ ಬದಲಾದರೆ ಅಂಕಿಯೂ ಬದಲಾಗುತ್ತದೆ, ಆಗ ಯಂತ್ರ ಕೆಟ್ಟಿತೋ ಕೈ ಸರಿಯಿತೋ ಗೊತ್ತಾಗುವುದಿಲ್ಲ ಎಂದರು. ಹಣಮವ್ವ ತಲೆಯಾಡಿಸಿದಳು. ಮುಕ್ಕಾಲು ಭಾಗ ಅರ್ಥವಾಗಿರಲಿಲ್ಲ. ಯಂತ್ರವೆಂದರೆ ಅವಳಿಗೆ ಗಂಡನ ಅಂಗಿಯಲ್ಲಿ ಬರುತ್ತಿದ್ದ ಎಣ್ಣೆ ವಾಸನೆ ಮಾತ್ರ.

ಅವಳ ಸುತ್ತಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಾಯ್ಲರಿನ ಹಿಂದಿನ ದೊಡ್ಡ ಫ್ಯಾನು. ಒಲೆಯ ಹೊಗೆಯನ್ನೆಲ್ಲ ಎಳೆದು ಚಿಮಣಿಗೆ ದೂಡುವುದು ಅದೇ. ಅದು ನಿಂತರೆ ಬಾಯ್ಲರ್ ನಿಂತಿತು, ಬಾಯ್ಲರ್ ನಿಂತರೆ ಕಬ್ಬು ಅರೆಯುವ ಗಾಣ ನಿಂತಿತು, ಹೊರಗೆ ರಸ್ತೆಯುದ್ದಕ್ಕೂ ಬಂಡಿಗಳು ಒಣಗುತ್ತ ನಿಂತವು. ಆ ಫ್ಯಾನಿಗೆ ಗ್ರೀಸು ಎಣ್ಣೆ ನೋಡಿಕೊಳ್ಳುತ್ತಿದ್ದವನು ಇಮಾಮಸಾಬ. ಸೈದಪ್ಪನ ಜೊತೆ ಅದೇ ಶಿಫ್ಟಿನಲ್ಲಿ ವರ್ಷಗಟ್ಟಲೆ ದುಡಿದವನು, ಅವನ ಬುತ್ತಿಯ ರೊಟ್ಟಿ ತಿಂದವನು. ಹಣಮವ್ವನನ್ನು ಅತ್ತಿಗೆಯೆಂದು ಬಗೆದು ವೈನಿ ಎಂದು ಕರೆಯುತ್ತಿದ್ದ. ಅವಳು ಮೀಟರು ಹಿಡಿದು ಬಂದರೆ ಪಕ್ಕದ ಕಬ್ಬಿಣದ ಮೆಟ್ಟಿಲನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಕೊಡುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಫ್ಯಾನಿನ ಒಂದು ಬೇರಿಂಗಿನ ಅಂಕಿ ಮೆಲ್ಲಗೆ ಮೇಲೆ ಹತ್ತಲು ಶುರುವಾಯಿತು. ಬಿಸಿ ಐವತ್ತೆಂಟು ಡಿಗ್ರಿಯ ಆಸುಪಾಸು ಇದ್ದದ್ದು ಅರವತ್ತೆಂಟಕ್ಕೆ ಬಂತು. ಕಂಪನ ಮೂರರಲ್ಲಿದ್ದದ್ದು ನಾಲ್ಕು ದಾಟಿತು. ಹಣಮವ್ವ ಬರೆದುಕೊಂಡು ಮುಖ ಸಣ್ಣ ಮಾಡಿದಳು.

“ಏನಾತ್ರಿ ವೈನಿ?” ಇಮಾಮಸಾಬ ಕೇಳಿದ.

“ಬಿಸಿ ಏರಾಕತ್ತದ ಇಮಾಮಣ್ಣ. ಸಾಹೇಬ್ರಿಗೆ ಹ್ಯಾಂಗ ಹೇಳ್ಬೇಕೋ ತಿಳೀವಲ್ದು. ನನ್ನ ಕೈ ತಪ್ಪೇದೋ ಏನೋ.”

ಅವಳಿಗಿದ್ದ ಅಂಜಿಕೆ ಅಷ್ಟೇ, ತಾನು ಹಿಡಿದದ್ದು ಸರಿಯೋ ತಪ್ಪೋ ಎಂಬುದು. ಆದರೆ ಮರುದಿನದಿಂದ ನಡೆದದ್ದು ಅವಳ ತಲೆಯನ್ನೇ ಕೆಡಿಸಿತು. ಬಿಸಿ ಒಮ್ಮೆಲೇ ಇಳಿಯಿತು. ಐವತ್ತು, ಆಮೇಲೆ ನಲವತ್ತೈದು. ಕಂಪನ ಮಾತ್ರ ಏರುತ್ತಲೇ ಇತ್ತು. ಐದು, ಐದೂವರೆ, ಆರು.

ಅವಳು ಮೂರು ಚುಕ್ಕೆಗಳಿಗೂ ಮತ್ತೆ ಮತ್ತೆ ಹಚ್ಚಿ ನೋಡಿದಳು. ಅದೇ ಅಂಕಿ. ಕಲ್ಯಾಣಪ್ಪನವರ ಮುಂದೆ ಹೋಗಿ ನಿಂತಳು.

“ಸಾಹೇಬ್ರ, ನೀವು ಎರಡೂ ಕೂಡಿ ಏರ್ತಾವ ಅಂದಿದ್ರಿ. ಇಲ್ಲಿ ಒಂದು ಏರಾಕತ್ತದ, ಒಂದು ಇಳಿಯಾಕತ್ತದ. ನಾ ಯಾವುದನ್ನ ನಂಬ್ಲಿರಿ?”

ಕಲ್ಯಾಣಪ್ಪನವರಿಗೂ ಅದು ಬಗೆಹರಿಯಲಿಲ್ಲ. ಮೀಟರು ಕೆಟ್ಟಿದೆಯೇನೋ ಎಂದು ಬಾಯ್ಲರಿಗೆ ನೀರು ಹೊಡೆಯುವ ಪಂಪಿಗೆ ಹಚ್ಚಿ ನೋಡಿದರು. ಅಲ್ಲಿ ಹಿಂದಿನ ಅಂಕಿಯೇ ಬಂತು. ಫ್ಯಾನಿನ ಬಳಿ ಬಂದು ಕಬ್ಬಿಣದ ಸರಳಿನ ಒಂದು ತುದಿಯನ್ನು ಬೇರಿಂಗಿನ ಮೇಲೂ ಇನ್ನೊಂದನ್ನು ಕಿವಿಯ ಹತ್ತಿರವೂ ಹಿಡಿದು ಕೇಳಿದರು. ಒಲೆಯ ಗದ್ದಲದಲ್ಲಿ ಏನೋ ಗರಗರ ಕೇಳಿದಂತಾಯಿತು, ಇಲ್ಲದಂತೆಯೂ ಆಯಿತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದರು.

“ಬೂದಿ ಇರಬೇಕು. ರೆಕ್ಕಿಗೆ ಬೂದಿ ಕಚ್ಚಿದ್ರ ತೂಕ ಒಂದು ಕಡೆ ಆಗಿ ಫ್ಯಾನು ಅಲ್ಲಾಡ್ತದ. ಅದಕ್ಕ ನಡುಕ. ಬೇರಿಂಗ್ ಸವೆದಿದ್ರ ಈ ಹೊತ್ತಿಗೆ ಬಿಸಿ ಏರಬೇಕಿತ್ತು. ಬರೋ ಸಫಾಯಿ ದಿನ ರೆಕ್ಕಿ ಕೆರಸೋಣ.”

ಹಂಗಾಮಿನ ನಡುವೆ ಆಗಾಗ ಒಂದು ದಿನ ಎಲ್ಲ ನಿಲ್ಲಿಸಿ ಪಾತ್ರೆ ಕೊಳವೆ ತೊಳೆಯುತ್ತಿದ್ದರು. ಆ ದಿನಕ್ಕೆ ಇನ್ನೂ ಒಂದು ವಾರವಿತ್ತು. ಸೋಲಾಪುರದಿಂದ ಹೊಸ ಬೇರಿಂಗ್ ತರಿಸುವ ಮಾತೇ ಬರಲಿಲ್ಲ.

ಹಣಮವ್ವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಸಾಹೇಬರು ಹೇಳಿದ್ದು ಸರಿಯಾಗಿಯೇ ಕೇಳುತ್ತಿತ್ತು. ಆದರೂ ಮನೆಯಲ್ಲಿ ರೊಟ್ಟಿ ಬಡಿಯುವಾಗ ತವೆಯ ಮೇಲೆ ಕೈ ಹಿಡಿದು, ಬೆಂಕಿ ಹಾಗೆಯೇ ಇದ್ದು ತವೆ ತಾನಾಗಿ ಹೇಗೆ ತಣ್ಣಗಾದೀತು ಎಂದು ನಿಂತುಬಿಡುತ್ತಿದ್ದಳು. ಅತ್ತೆ ಸುಂದರಬಾಯಿ ಒಲೆಯ ಮುಂದೆ ಸೊಸೆಯ ಮುಖ ನೋಡಿ, “ಯಾಕ ಬೇ, ಮೈಯಾಗ ಆರಾಮಿಲ್ಲೇನು?” ಎಂದಳು. ಹಣಮವ್ವ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಹುಣ್ಣಿಮೆ ಬಂತು. ಆ ದಿನ ಗಾಣಗಾಪುರಕ್ಕೆ ಹೋಗುವ ದತ್ತನ ಭಕ್ತರಿಂದ ಬಸ್ಸುಗಳೆಲ್ಲ ತುಂಬಿರುತ್ತವೆಂದು ಅವಳು ದಿನಾ ಹತ್ತುವ ಬಸ್ಸು ಬಿಟ್ಟು ನಸುಕಿನ ಬಸ್ಸಿಗೇ ಬಂದಳು. ಆಫೀಸು ಇನ್ನೂ ಗುಡಿಸುತ್ತಿದ್ದರು. ಸುಮ್ಮನೆ ಕೂರುವುದೇಕೆಂದು ಮೀಟರು ತೆಗೆದುಕೊಂಡು ನೇರ ಫ್ಯಾನಿನ ಕಡೆಗೆ ಹೋದಳು.

ಬೇರಿಂಗಿನ ಮೇಲೆ ನೆನೆದ ಗೋಣಿಚೀಲ ಹೊದಿಸಿತ್ತು. ಅದರಿಂದ ಸಣ್ಣಗೆ ಆವಿ ಏಳುತ್ತಿತ್ತು. ಇಮಾಮಸಾಬ ಡಬ್ಬಿಯಿಂದ ಅದರ ಮೇಲೆ ಇನ್ನಷ್ಟು ನೀರು ಹನಿಸುತ್ತಿದ್ದ, ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುವವರ ಹಾಗೆ. ಅವಳನ್ನು ಕಂಡು ಕೈ ತಡೆದ.

“ಇದೇನು ಇಮಾಮಣ್ಣ?”

“ಏನಿಲ್ರಿ ವೈನಿ. ಭಾಳ ಗರಂ ಆಗಿತ್ತು. ಥಂಡ ಮಾಡಾಕತ್ತೇನಿ.”

“ದಿನಾ ಮಾಡ್ತಿಯೇನು?”

ಅವನು ಗೋಣಿ ತೆಗೆದು ಟವೆಲ್ಲಿನಿಂದ ಕವಚವನ್ನು ಒರೆಸಿದ. ದಿನವೂ ಅವಳು ಬರುವ ಮೊದಲು ಹೀಗೇ ಒರೆಸಿ ಇಡುತ್ತಿದ್ದನೆಂದು ಅವಳಿಗೆ ಆಗ ಗೊತ್ತಾಯಿತು.

“ಬಿಸಿ ಏರೇದ ಅಂತ ನೀವು ಅಂದ್ರಿ. ಮುಖ ಸಪ್ಪಗ ಮಾಡಿದ್ರಿ. ದೊಡ್ಡ ಅಂಕಿ ಬರದ್ರ ಸಾಹೇಬ್ರು ನಿಮ್ಮ ಮ್ಯಾಲ ಸಿಟ್ಟಾಗ್ತಾರೇನೋ, ನೌಕರಿಗೆ ತಕಲೀಫ್ ಆಗ್ತದೇನೋ ಅಂತ ನನಗ ಅನಸ್ತು. ಮೊದಲಿಂದ ಗರಂ ಆದದ್ದಕ್ಕ ನಾವು ಗೋಣಿನ ಹಾಕ್ತೀವ್ರಿ. ಸೈದಪ್ಪನೂ ಹಾಕ್ತಿದ್ದ.”

ಹಣಮವ್ವನಿಗೆ ಸಿಟ್ಟು ಬಂತೋ ಅಳು ಬಂತೋ ಅವಳಿಗೇ ಹೇಳಲಾಗಲಿಲ್ಲ. ಇವನು ತನ್ನ ಸಲುವಾಗಿ ಮಾಡಿದ್ದ. ಸಾಹೇಬರಿಗೆ ಹೇಳಿದರೆ ಇವನ ಗತಿ ಏನು? ಹೇಳದಿದ್ದರೆ ಫ್ಯಾನಿನ ಗತಿ ಏನು? ಗಂಡ ಕೂಡ ಹಾಕುತ್ತಿದ್ದನೆಂದರೆ ಅದು ತಪ್ಪು ಹೇಗೆ? ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

“ಇವತ್ತು ಗೋಣಿ ಹಾಕಬ್ಯಾಡ. ಇಲ್ಲೇ ಇರು, ಇಬ್ಬರೂ ನೋಡೋಣು,” ಎಂದಳು ಕೊನೆಗೆ.

ಬಿಸಿಲು ಏರಿದಂತೆ ಬೇರಿಂಗಿನ ಬಿಸಿಯೂ ಏರಿತು. ಐವತ್ತು, ಅರವತ್ತು, ಎಪ್ಪತ್ತು. ಎಪ್ಪತ್ತೆಂಟಕ್ಕೆ ಬಂದು ನಿಂತಿತು. ಇಮಾಮಸಾಬ ಅಂಕಿಯನ್ನು ಬಗ್ಗಿ ನೋಡಿ, “ಯಾ ಅಲ್ಲಾ,” ಎಂದು ಹಿಂದೆ ಸರಿದ. ಅವನೇ ಮುಂದಾಗಿ, “ನಡೀರಿ ವೈನಿ, ನಾನ ಹೇಳ್ತೇನಿ,” ಎಂದು ಎಂಜಿನಿಯರರ ಕೋಣೆಗೆ ಹೊರಟ.

ಕಲ್ಯಾಣಪ್ಪ ಕೇಳಿ ಎದ್ದು ನಿಂತರು. ಇಬ್ಬರನ್ನೂ ಬೈದರು. ಆಮೇಲೆ ತಮ್ಮ ಹಣೆ ತಿಕ್ಕಿಕೊಂಡರು.

“ಹೊರಗ ತಣ್ಣಗಾದ್ರ ಒಳಗ ತಣ್ಣಗಾಗಂಗಿಲ್ಲೋ. ಹೊರಗಿನ ಉಕ್ಕಿನ ಬಳೆ ಕುಗ್ಗಿ ಉರುಳಿಗಳನ್ನ ಇನ್ನೂ ಬಿಗಿ ಹಿಡೀತದ. ನಾನರೆ ಏನು ಮಾಡಿದೆ? ನಡುಕ ಬೂದೀದು ಅಂತ ಹೇಳಿ ಕುಂತೆ.”

ಅಂದೇ ಸೋಲಾಪುರಕ್ಕೆ ಜೀಪು ಹೋಯಿತು. ಬಾಯ್ಲರಿನ ಬೆಂಕಿ ಕಡಿಮೆ ಮಾಡಿ, ಹೊಗೆಗಂಡಿಯ ಬಾಗಿಲು ಅರ್ಧ ಮುಚ್ಚಿ, ಫ್ಯಾನಿನ ಹೊರೆ ಇಳಿಸಿದರು. ಗಾಣ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಹಣಮವ್ವ ಗಂಟೆಗೊಮ್ಮೆ ಅಂಕಿ ನೋಡಿದಳು. ಹೊಸ ಬೇರಿಂಗ್ ಬಂದ ಮೇಲೆ ಸಫಾಯಿ ದಿನವನ್ನು ಮುಂಚಿತವಾಗಿಯೇ ಇಟ್ಟುಕೊಂಡು, ಹಗಲಿನಲ್ಲಿ ಫ್ಯಾನು ನಿಲ್ಲಿಸಿ ಬಿಚ್ಚಿದರು.

ಹೊರಬಳೆಯ ಒಳಮೈ ಸಿಡುಬು ಬಂದಂತೆ ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ಉರುಳಿಗಳನ್ನು ಹಿಡಿದಿಡುವ ಹಿತ್ತಾಳೆಯ ಪಂಜರದಲ್ಲಿ ಒಂದು ಬಿರುಕು. ಇನ್ನೂ ಕೆಲವು ದಿನ ತಿರುಗಿಸಿದ್ದರೆ ಪಂಜರ ಒಡೆದು ಫ್ಯಾನು ಕಿತ್ತುಹೋಗುತ್ತಿತ್ತು ಎಂದು ಫಿಟ್ಟರುಗಳು ಮಾತಾಡಿಕೊಂಡರು. ರೆಕ್ಕೆಗಳಿಗೂ ಬೂದಿ ಅಂಟಿಯೇ ಇತ್ತು. ಬೇರಿಂಗಿನ ಒಳಗಿನ ಗ್ರೀಸು ಮಾತ್ರ ಹಾಲು ಬೆರೆತಂತೆ ಬೆಳ್ಳಗಾಗಿತ್ತು. ನೀರು ಒಳಗೆ ಹೋಗಿತ್ತು.

ಇಮಾಮಸಾಬ ಆ ಗ್ರೀಸನ್ನು ಬೆರಳಿಗೆ ತೆಗೆದುಕೊಂಡು ತಿಕ್ಕಿ ನೋಡಿದ.

“ಸಾಹೇಬ್ರ, ಖರೆ ಹೇಳ್ರಿ. ಮೊದಲ ಸವೆದಿತ್ತೋ, ನನ್ನ ನೀರಿನಿಂದ ಖರಾಬ್ ಆತೋ?”

ಕಲ್ಯಾಣಪ್ಪ ಬಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. “ಗೋಣಿ ಹಾಕೂಕಿಂತ ಮೊದಲ ಬಿಸಿ ಏರಿತ್ತು. ಶುರು ಆಗಿತ್ತು, ಖರೆ. ಆಮ್ಯಾಲ ಎಷ್ಟು ತಾನಾಗಿ ಆತು, ಎಷ್ಟು ನೀರಿನಿಂದ ಆತು, ಹೇಳಾಕ ಬರಂಗಿಲ್ಲ.”

ಆ ಉತ್ತರ ಇಮಾಮಸಾಬನಿಗೆ ಸಾಲಲಿಲ್ಲ. ಹಣಮವ್ವನಿಗೂ ಸಾಲಲಿಲ್ಲ. ಬೈಗುಳ ಬಿಟ್ಟರೆ ಅವನಿಗೆ ಬೇರೆ ಶಿಕ್ಷೆಯಾಗಲಿಲ್ಲ. ಆದರೂ ಬಹಳ ದಿನ ಅವನು ಅವಳ ಮುಖ ನೋಡಿ ಮಾತಾಡಲಿಲ್ಲ. ತಾನು ಆ ದಿನ ಮುಖ ಸಣ್ಣ ಮಾಡಿ ನಿಂತದ್ದರಿಂದಲೇ ಇಷ್ಟೆಲ್ಲ ಆಯಿತೇ ಎಂದು ಅವಳಿಗೆ ಅನಿಸುತ್ತಿತ್ತು.

ಹೊಸ ಬೇರಿಂಗ್ ಹಾಕಿ ಫ್ಯಾನು ಚಾಲೂ ಮಾಡಿದ ದಿನವೂ ಗಾಬರಿ ತಪ್ಪಲಿಲ್ಲ. ಕಂಪನ ಎರಡಕ್ಕೆ ಇಳಿಯಿತು, ಬಿಸಿ ಸರಸರ ಎಪ್ಪತ್ತರತ್ತ ಹೋಯಿತು. ಹಣಮವ್ವ ಓಡಿಹೋಗಿ ಹೇಳಿದಳು. “ಹೊಸ ಗ್ರೀಸು. ಒಳಗ ಹರಡಿ ಜಾಗ ಹಿಡಿಯೂತನಾ ಹಂಗ ಇರ್ತದ, ತಡೀರಿ,” ಎಂದರು ಕಲ್ಯಾಣಪ್ಪ. ಅವಳು ಮೆಟ್ಟಿಲ ಮೇಲೆ ಕುಳಿತು ತಡೆದಳು. ಇಮಾಮಸಾಬ ಎರಡೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದ. ಸಂಜೆಗೆ ಅಂಕಿ ಐವತ್ತೈದಕ್ಕೆ ಬಂತು.

ಹಣಮವ್ವ ಮುಂದೆ ಹಲವು ಹಂಗಾಮು ಅದೇ ಕೆಲಸ ಮಾಡಿದಳು. ನಡುಕ ಏರಿದರೆ ಬೇರಿಂಗೋ, ಬೂದಿಯೋ, ಸಡಿಲಾದ ಬೋಲ್ಟೋ ಎಂದು ಹೇಳುವುದು ಅವಳಿಗೆ ಕೊನೆಯವರೆಗೂ ಬರಲಿಲ್ಲ. ಆದರೆ ಅಂಕಿ ತೆಗೆಯುವ ಮೊದಲು ಬೇರಿಂಗಿಗೆ ಏನಾದರೂ ಮಾಡಿದ್ದೀರಾ ಎಂದು ಅಲ್ಲಿದ್ದವರನ್ನು ಕೇಳುವುದನ್ನು ರೂಢಿ ಮಾಡಿಕೊಂಡಳು. ಮತ್ತೆ ಮಾತಿಗೆ ಬಂದ ಮೇಲೆ ಇಮಾಮಸಾಬ, “ಅಂಕಿ ಛಲೋ ಅದೋ ಕೆಟ್ಟ ಅದೋ ವೈನಿ?” ಎಂದು ಅಂಜುತ್ತಲೇ ಕೇಳುತ್ತಿದ್ದ.

“ಛಲೋ ಕೆಟ್ಟ ನನಗ ಗೊತ್ತಿಲ್ಲ ಅಣ್ಣ. ನಿನ್ನೆ ಇದ್ದಷ್ಟ ಅದ,” ಎಂದು ಹೇಳಿ ಅವಳು ಮುಂದಿನ ಪಂಪಿನ ಕಡೆ ನಡೆಯುತ್ತಿದ್ದಳು.