ಪಕ್ಷ ಮುಗಿಯಲೆಂದು ಕಾದ ಇಮೇಲು

ಆ ಇಮೇಲಿನಲ್ಲಿದ್ದದ್ದು ಒಂಬತ್ತು ಸಾಲು. ಬರೆಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು, ಕಳಿಸುವುದಕ್ಕೆ ಹದಿಮೂರು ದಿನ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದ ಹುಡುಗಿ ನಾನು, ನ್ಯೂಜೆರ್ಸಿಯ ಯೂನಿವರ್ಸಿಟಿಯೊಂದರಲ್ಲಿ. ಬುದ್ಧಿವಂತೆ ಅಂತ ಬೇರೆ ಹೆಸರು.

ಅದು ಮ್ಯಾನ್‌ಹಟನ್ನಿನಲ್ಲಿ ದೊಡ್ಡ ಬ್ಯಾಂಕೊಂದು ಮುಳುಗಿದ ವಾರ. ನಮ್ಮ ಜಿಮ್ಮಿನೊಳಗೆ ಕ್ಯಾಂಪಸ್ ಕರಿಯರ್ ಫೇರ್ ನಡೆಯುತ್ತಿತ್ತು. ಬ್ಯಾಂಕುಗಳಿಗೆಂದು ಇಟ್ಟಿದ್ದ ಮೇಜುಗಳ ಮೇಲೆ ನೀಲಿ ಬಟ್ಟೆ ಹಾಸಿತ್ತು, ಹಿಂದೆ ಒಬ್ಬರೂ ಇರಲಿಲ್ಲ. ಜನರಿದ್ದ ಮೇಜುಗಳಲ್ಲೂ ಒಂದೇ ಪಲ್ಲವಿ. ಮೊದಲು, ವೀಸಾ ಸ್ಪಾನ್ಸರ್ ಮಾಡಬೇಕಾ? ಹೌದೆಂದರೆ, ವೆಬ್‌ಸೈಟಿನಲ್ಲಿ ಅಪ್ಲೈ ಮಾಡಿ. ಡಿಸೆಂಬರಿನಲ್ಲಿ ನನ್ನ ಓದು ಮುಗಿಯುತ್ತಿತ್ತು. ಆಮೇಲೆ ಕೆಲಸವಿಲ್ಲದೆ ಒಟ್ಟು ತೊಂಬತ್ತು ದಿನ ಇರಬಹುದು, ಅಷ್ಟರೊಳಗೆ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಎದೆಯೊಳಗೆ ಸದಾ ಅದೇ ಎಣಿಕೆ.

ಕೊನೆಯ ಸಾಲಿನಲ್ಲಿ ಒಂದು ಔಷಧ ಕಂಪನಿಯ ಮೇಜು. ಆಫೀಸು ಬ್ರಿಡ್ಜ್‌ವಾಟರಿನಲ್ಲಿ. ರಿಕ್ರೂಟರ್ ಐವತ್ತು ದಾಟಿದ ಬಿಳಿಯ ಹೆಂಗಸು, ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದರು. ನನ್ನ ರೆಸ್ಯೂಮೆಯನ್ನು ನಿಜವಾಗಿ ಓದಿದರು! ಅವತ್ತು ಹಾಗೆ ಓದಿದವರು ಅವರೊಬ್ಬರೇ. ಔಷಧ ಪ್ರಯೋಗದ ನಡುವೆ ರೋಗಿಗಳು ಬಿಟ್ಟುಹೋದರೆ ಲೆಕ್ಕವನ್ನು ಹೇಗೆ ಸರಿದೂಗಿಸುತ್ತೀರಿ ಎಂದು ಕೇಳಿದರು. ನನ್ನ ಪ್ರಾಜೆಕ್ಟೇ ಅದು, ಹತ್ತು ನಿಮಿಷ ಮಾತಾಡಿದೆ. ವೀಸಾ ವಿಷಯ ನಾನೇ ಎತ್ತಿದೆ, ತಮ್ಮ ಕಂಪನಿ ಸ್ಪಾನ್ಸರ್ ಮಾಡುತ್ತದೆ ಅಂದರು. ಕಾರ್ಡ್ ಕೊಟ್ಟು, ‘ವೆಬ್‌ಸೈಟಿನಲ್ಲಿ ಅಪ್ಲೈ ಮಾಡಿ ಸುಮ್ಮನಾಗಬೇಡಿ, ಇವತ್ತು ನಾಳೆಯೊಳಗೆ ನನಗೇ ಬರೆಯಿರಿ. ನಾವು ಏನು ಮಾತಾಡಿದೆವು ಅಂತ ನೆನಪಿಸಿ. ದಿನಕ್ಕೆ ಇನ್ನೂರು ಮುಖ ನೋಡುತ್ತೇನೆ’ ಎಂದರು.

ನನ್ನ ಹಿಂದೆ ನಿಂತಿದ್ದ ರೂಮ್‌ಮೇಟ್‌ಗೂ ಒಂದು ಕಾರ್ಡ್ ಸಿಕ್ಕಿತು. ಮಂಗಳೂರಿನ ಕ್ಯಾಥೊಲಿಕ್ ಹುಡುಗಿ, ನನ್ನದೇ ಕ್ಲಾಸು. ಅವಳೊಂದಿಗೆ ಅವರು ಮಾತಾಡಿದ್ದು ಎರಡೇ ನಿಮಿಷ.

ಮನೆಗೆ ಬಂದು ಇಮೇಲು ಬರೆದೆ. ಕಳಿಸುವ ಮುಂಚೆ ಮೈಸೂರಿಗೆ ಫೋನ್ ಮಾಡಿದೆ, ಖುಷಿ ಹಂಚಿಕೊಳ್ಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಅಮ್ಮ ಎಲ್ಲ ಕೇಳಿಸಿಕೊಂಡು, “ಈಗ ಬೇಡ್ವೇ. ಪಿತೃಪಕ್ಷ ನಡೀತಿದೆ. ಒಳ್ಳೇ ಕೆಲಸಕ್ಕೆ ಈಗ ಕೈ ಹಾಕ್ತಾರಾ ಯಾರಾದ್ರೂ? ನಿಮ್ಮಪ್ಪನ ತಿಥಿ ಮುಗೀಲಿ. ಅಮಾವಾಸ್ಯೆ ಕಳೆದು, ನವರಾತ್ರಿ ಮೊದಲ್ನೇ ದಿನ ದೇವಸ್ಥಾನಕ್ಕೆ ಹೋಗಿಬಂದು ಕಳಿಸು” ಅಂದರು.

ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅಪ್ಪನ ಹೆಸರು ಬಂದರೆ ನಾನು ವಾದ ಮಾಡುತ್ತಿರಲಿಲ್ಲ. ನನಗೆ ಇದರಲ್ಲೆಲ್ಲ ನಂಬಿಕೆ ಇತ್ತೆ? ಇರಲಿಲ್ಲ. ಆದರೆ ನಂಬಿಕೆ ಇಲ್ಲದವರಿಗೂ ಹೆದರಿಕೆ ಇರುತ್ತದಲ್ಲ. ಇದ್ದ ಒಂದೇ ಬಾಗಿಲು, ಅಪಶಕುನ ಯಾಕೆ ಎಂದು ಡ್ರಾಫ್ಟಿನಲ್ಲಿ ಉಳಿಸಿದೆ.

ರೂಮ್‌ಮೇಟ್ ಆಗಲೇ ತನ್ನದನ್ನು ಕಳಿಸಿ ಬ್ರೆಡ್ ತಿನ್ನುತ್ತ ಕೂತಿದ್ದಳು. “ಎಂಥ ಮಾರಾಯ್ತಿ, ಇಮೇಲಿಗೂ ಪಕ್ಷ ಉಂಟಾ?” ಎಂದು ನಕ್ಕಳು.

“ನಿನಗೆ ಗೊತ್ತಾಗಲ್ಲ ಬಿಡು” ಎಂದು ಉರಿದುಬಿದ್ದೆ.

ಮುಂದಿನ ಶುಕ್ರವಾರ ಅವಳು ಕೋಟು ತೊಟ್ಟುಕೊಂಡು ಕರಿಯರ್ ಸೆಂಟರಿಗೆ ಹೋದಳು. ಆ ಕಂಪನಿಯ ಮ್ಯಾನೇಜರ್ ಇಂಟರ್‌ವ್ಯೂ ಮಾಡಲು ಕ್ಯಾಂಪಸ್ಸಿಗೇ ಬಂದಿದ್ದ. ವಾಪಸು ಬಂದವಳು ಬೂಟು ಬಿಚ್ಚುವ ಮುಂಚೆಯೇ ಹೇಳಿದಳು: “ಆ ಕನ್ನಡಕದವರೂ ಬಂದಿದ್ರು, ನಿನ್ನನ್ನು ಕೇಳಿದ್ರು. ನಿನ್ನ ಫ್ರೆಂಡ್ ಯಾಕೆ ಬರೀಲಿಲ್ಲ ಅಂತ. ಈಗ್ಲೇ ಕಳಿಸು, ನಿನಗೆ ಕೈ ಮುಗೀತೇನೆ.”

ಆಗಲಾದರೂ ಕಳಿಸಬಹುದಿತ್ತು. ಲ್ಯಾಪ್‌ಟಾಪ್ ತೆರೆದೆ ಕೂಡ. ಅಮಾವಾಸ್ಯೆಗೆ ಮೂರೇ ದಿನ ಉಳಿದಿತ್ತು. ಇಷ್ಟು ದಿನ ಕಾದವಳು ಮೂರು ದಿನಕ್ಕೆ ಯಾಕೆ ಕೆಡಿಸಿಕೊಳ್ಳಲಿ ಅನ್ನಿಸಿತು. ನನ್ನನ್ನು ನೆನಪಿಟ್ಟಿದ್ದಾರಲ್ಲ, ಎಲ್ಲಿ ಹೋಗುತ್ತದೆ ಎಂಬ ಜಂಬವೂ ಸೇರಿಕೊಂಡಿತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ನವರಾತ್ರಿಯ ಮೊದಲ ದಿನ ಬೆಳಿಗ್ಗೆ ರೂಮ್‌ಮೇಟೇ ತನ್ನ ಹಳೇ ಕಾರಿನಲ್ಲಿ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ನನ್ನನ್ನು ಕರೆದುಕೊಂಡು ಹೋದಳು. ಅರ್ಚನೆ ಮಾಡಿಸಿದೆ. ನಾನು ಕೈಮುಗಿದು ನಿಂತಾಗ ಅವಳೂ ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತಿದ್ದಳು. ಮನೆಗೆ ಬಂದು, ಹಣೆಯ ಕುಂಕುಮ ಒರೆಸದೆ, ಕಳಿಸಿದೆ. ಗಂಟೆಯೊಳಗೆ ಉತ್ತರ ಬಂತು.

‘ನಿಮ್ಮ ಹೆಸರು ನನಗೆ ಚೆನ್ನಾಗಿ ನೆನಪಿದೆ. ಮ್ಯಾನೇಜರ್ ಇಬ್ಬರನ್ನು ತೆಗೆದುಕೊಳ್ಳಬೇಕೆಂದಿದ್ದರು. ಶುಕ್ರವಾರ ಮಧ್ಯಾಹ್ನದವರೆಗೂ ಒಂದು ಇಂಟರ್‌ವ್ಯೂ ಸಮಯವನ್ನು ನಿಮಗಾಗಿ ಖಾಲಿ ಇಟ್ಟಿದ್ದೆ. ನೀವು ಬರೆಯಲಿಲ್ಲ, ಬೇರೆ ಕಡೆ ಸಿಕ್ಕಿರಬೇಕು ಅಂದುಕೊಂಡೆ. ನಿನ್ನೆಯಿಂದ ಕಂಪನಿ ಹೊಸ ನೇಮಕಾತಿಯನ್ನೆಲ್ಲ ನಿಲ್ಲಿಸಿದೆ. ನಿಮ್ಮ ಗೆಳತಿಯ ನೇಮಕದ ಕಾಗದ ಅದಕ್ಕೆ ಮುಂಚೆಯೇ ಹೊರಟಿತ್ತು. ಕ್ಷಮಿಸಿ.’

ನಾಲ್ಕು ಸಲ ಓದಿದೆ. ಆಗ ಅಪ್ಪ ನೆನಪಾದರು. ಅಪ್ಪ ಪೋಸ್ಟಾಫೀಸಿನಲ್ಲಿ ಕಾಗದ ವಿಂಗಡಿಸುವ ಸಾರ್ಟರ್ ಆಗಿದ್ದವರು. ಹಬ್ಬವಿರಲಿ, ಸೂತಕವಿರಲಿ, ಅವತ್ತಿನ ಕಾಗದ ಅವತ್ತೇ ಹೊರಡಬೇಕು ಎನ್ನುತ್ತಿದ್ದರು. ಒಂದು ಚೀಲ ಉಳಿದರೂ ಮನೆಗೆ ಬಂದು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅಂಥವರ ಹೆಸರಿನಲ್ಲಿ ನಾನು ಒಂದು ಕಾಗದವನ್ನು ಹದಿಮೂರು ದಿನ ಕಟ್ಟಿಹಾಕಿದ್ದೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ರೂಮ್‌ಮೇಟ್ ಜನವರಿಯಲ್ಲಿ ಕೆಲಸಕ್ಕೆ ಸೇರಿದಳು. ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಯಾಕೆ ಹೇಳಲಿ. ಅವಳು ಊಟದ ಡಬ್ಬಿ ತುಂಬಿಕೊಂಡು ಹೊರಡುವಾಗ ನಾನು ಬೇಕೆಂದೇ ಹೊದಿಕೆ ಎಳೆದುಕೊಂಡು ಮಲಗಿರುತ್ತಿದ್ದೆ. ನನ್ನ ರೆಸ್ಯೂಮೆಯನ್ನು ಅವಳು ಆಫೀಸಿನಲ್ಲಿ ಮೂರು ಜನಕ್ಕೆ ಕೊಟ್ಟಳು. ಯಾರಿಂದಲೂ ಫೋನ್ ಬರಲಿಲ್ಲ. ಡಿಸೆಂಬರಿನಲ್ಲಿ ನಾನು ರಿಕ್ರೂಟರಿಗೆ ಬರೆದಿದ್ದಾಗ, ಬಾಗಿಲು ತೆರೆದರೆ ಮೊದಲು ನಿಮಗೇ ಹೇಳುತ್ತೇನೆ ಅಂದಿದ್ದರು. ಫೆಬ್ರವರಿಯಲ್ಲಿ ಮತ್ತೆ ಬರೆದೆ, ಈ ಸಲ ದಿನ ವಾರ ನೋಡಲಿಲ್ಲ. ಇಮೇಲು ವಾಪಸು ಬಂತು, ಆ ವಿಳಾಸ ಇಲ್ಲವಂತೆ. ಅವರನ್ನೂ ಮನೆಗೆ ಕಳಿಸಿದ್ದಾರೆಂದು ಸಂಜೆ ರೂಮ್‌ಮೇಟ್ ಹೇಳಿದಳು.

ತೊಂಬತ್ತು ದಿನ ಮುಗಿಯುತ್ತ ಬಂದಿತ್ತು. ಸೂಟ್‌ಕೇಸಿಗೆ ಪುಸ್ತಕ ತುಂಬುತ್ತಿದ್ದಾಗ ಅಮ್ಮನ ಫೋನ್ ಬಂತು. ಸ್ಪೀಕರಿಗೆ ಹಾಕಿದೆ, ರೂಮ್‌ಮೇಟ್ ಪಕ್ಕದಲ್ಲೇ ನನ್ನ ಸ್ವೆಟರ್ ಮಡಚುತ್ತಿದ್ದಳು.

“ಆ ಕನ್ನಡಕದವರಿಗೆ ಇನ್ನೊಂದು ಸಲ ಬರೆದು ನೋಡ್ಬಾರ್ದೇನೇ?” ಅಮ್ಮ ಕೇಳಿದರು.

“ಅವರ ಕೆಲಸಾನೂ ಹೋಯ್ತಮ್ಮ.”

“ಅಯ್ಯೋ ಪಾಪ!” ಅಂದರು. ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ, “ನೋಡು, ಒಳ್ಳೇ ದಿನ ನೋಡಿ ಕಳಿಸಿದ್ರೂ ಹಿಂಗಾಯ್ತು. ಇನ್ನು ಪಕ್ಷದಲ್ಲಿ ಕಳಿಸಿಬಿಟ್ಟಿದ್ದಿದ್ರೆ ಏನು ಗತಿಯಾಗ್ತಿತ್ತೋ” ಎಂದರು.

ರೂಮ್‌ಮೇಟ್ ಮಡಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವಳ ಕೈ ಹಿಡಿದುಕೊಂಡೆ.

“ಹೌದಮ್ಮ” ಅಂದೆ.